ಒಂದೇ ಕಂಪನಿ, ಮೂರು ದೇಶದ ಮೂರು ಪಟ್ಟಿ: ಎಲ್‌ಇಐ ಎಲ್ಲಿಯವರೆಗೆ ನೆರವಾಗುತ್ತದೆ?

ಪ್ರಶ್ನೆ: ನಾನು ಪೀಣ್ಯದಲ್ಲಿರುವ, ಯಂತ್ರಗಳ ಬಿಡಿಭಾಗ ತಯಾರಿಸಿ ರಫ್ತು ಮಾಡುವ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಬೆಂಗಳೂರು ಕಚೇರಿಗೂ ಇಂಗ್ಲೆಂಡ್ ಮತ್ತು ಜರ್ಮನಿಯ ಅಂಗಸಂಸ್ಥೆಗಳಿಗೂ ಗ್ರಾಹಕರು ಮತ್ತು ಪೂರೈಕೆದಾರರ ಪಟ್ಟಿ ಬೇರೆ ಬೇರೆ ಇದೆ. ಒಟ್ಟು ಸುಮಾರು 4,000 ಹೆಸರು. ಹೆಸರು ನೋಡಿ ತಾಳೆ ಹಾಕಿದಾಗ ಒಂದೇ ಕಂಪನಿ ಮೂರಾಗಿ ಕಾಣುತ್ತದೆ, ಕೆಲವೊಮ್ಮೆ ಬೇರೆ ಬೇರೆ ಕಂಪನಿಗಳು ಒಂದಾಗಿಬಿಡುತ್ತವೆ. ಲೀಗಲ್ ಎಂಟಿಟಿ ಐಡೆಂಟಿಫೈಯರ್, ಅಂದರೆ ಎಲ್‌ಇಐ ಎಂಬ ಜಾಗತಿಕ ಗುರುತಿನ ಕೋಡ್‌ಗೆ ಒಂದು ಕಾಲಂ ಸೇರಿಸಿದರೆ ಎಲ್ಲವೂ ತಾನಾಗಿಯೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ ನಮ್ಮ ಮ್ಯಾನೇಜರ್. ನನಗೆ ಅನುಮಾನವಿದೆ. ಎಲ್ಲ ಕಂಪನಿಗಳ ಬಳಿಯೂ ಎಲ್‌ಇಐ ಇರುತ್ತದೆಯೇ? ಹುಡುಕಿದಾಗ LAPSED ಎಂದು ಬಂದವನ್ನು ಕೈಬಿಡಬೇಕೇ? ಒಂದು ಸಮೂಹಕ್ಕೆ ಒಂದೇ ಎಲ್‌ಇಐ ತಾನೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಸಮೂಹಕ್ಕೆ ಎಲ್‌ಇಐ ಎಂಬುದೇ ಇಲ್ಲ. ಎಲ್‌ಇಐ ಸಿಗುವುದು ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿಯಾಗಿ ನಿಂತು, ತನ್ನ ಹೆಸರಿನಲ್ಲಿ ಕರಾರಿಗೆ ಸಹಿ ಹಾಕಬಲ್ಲ ಒಂದೊಂದು ಸಂಸ್ಥೆಗೆ. ನಾವು ಮಾತಿನಲ್ಲಿ ‘ಇನ್ಫೋಸಿಸ್’ ಎಂದು ಒಂದೇ ಉಸಿರಿನಲ್ಲಿ ಹೇಳಿದರೂ, ಇನ್ಫೋಸಿಸ್ ಲಿಮಿಟೆಡ್ ಬೇರೆ, ಅದರ ಅಂಗಸಂಸ್ಥೆಯಾದ ಇನ್ಫೋಸಿಸ್ ಬಿಪಿಎಂ ಲಿಮಿಟೆಡ್ ಬೇರೆ. ಇದಕ್ಕೆ ತದ್ವಿರುದ್ಧವಾಗಿ, ಒಂದೇ ಕಂಪನಿಯ ಹುಬ್ಬಳ್ಳಿಯ ಗೋದಾಮು, ಹೊಸೂರಿನ ಕಾರ್ಖಾನೆ, ಮುಂಬೈ ಕಚೇರಿ ಇವುಗಳಿಗೆ ಬೇರೆ ಬೇರೆ ಎಲ್‌ಇಐ ಇರುವುದಿಲ್ಲ. ನಿಮ್ಮ ಬೆಂಗಳೂರಿನ ಪಟ್ಟಿಯಲ್ಲಿ ಒಬ್ಬನೇ ಪೂರೈಕೆದಾರ ಕರ್ನಾಟಕ, ತಮಿಳುನಾಡು ಮತ್ತು ಮಹಾರಾಷ್ಟ್ರದ ಮೂರು ಜಿಎಸ್‌ಟಿಐಎನ್‌ಗಳೊಂದಿಗೆ ಮೂರು ಸಾಲುಗಳಲ್ಲಿ ಕುಳಿತಿದ್ದರೆ, ಆ ಮೂರೂ ಸಾಲುಗಳಿಗೆ ಬರಬೇಕಾದದ್ದು ಒಂದೇ ಎಲ್‌ಇಐ. ಜಿಎಸ್‌ಟಿಐಎನ್‌ನ ಮೂರನೆಯ ಅಕ್ಷರದಿಂದ ಹನ್ನೆರಡನೆಯ ಅಕ್ಷರದವರೆಗೆ ಇರುವುದು ಪ್ಯಾನ್ ಆದ್ದರಿಂದ ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ವಿದೇಶದಲ್ಲಿರುವ ಶಾಖೆ ಮಾತ್ರ ಇಲ್ಲಿ ಅಪವಾದ: ಮುಖ್ಯ ಕಂಪನಿಗೆ ಎಲ್‌ಇಐ ಇದ್ದರೆ, ಅದರ ಹೊರದೇಶದ ಶಾಖೆ ಆ ದೇಶಕ್ಕೆ ಒಂದರಂತೆ ತನ್ನದೇ ಎಲ್‌ಇಐ ಪಡೆಯಬಹುದು. ಬ್ಯಾಂಕುಗಳಲ್ಲಿ ಇದು ಹೆಚ್ಚು.

ಈ ಕೋಡ್ ಹುಟ್ಟಿದ್ದು 2008ರ ಹಣಕಾಸು ಬಿಕ್ಕಟ್ಟಿನ ಬಳಿಕ. ಲೀಮನ್ ಬ್ರದರ್ಸ್ ಕುಸಿದಾಗ ಯಾವ ಬ್ಯಾಂಕು ಆ ಸಮೂಹದ ಯಾವ ಕಂಪನಿಗೆ ಎಷ್ಟು ಕೊಡಬೇಕು ಎಂಬುದನ್ನು ಮೇಲ್ವಿಚಾರಕರಿಗೆ ಬೇಗ ಕೂಡಿಸಿ ನೋಡಲಾಗಲಿಲ್ಲ. ಪ್ರತಿಯೊಂದು ಬ್ಯಾಂಕೂ ಅದೇ ಕಂಪನಿಗಳನ್ನು ತನ್ನದೇ ಹೆಸರು, ತನ್ನದೇ ಸಂಖ್ಯೆಯಲ್ಲಿ ಬರೆದುಕೊಂಡಿತ್ತು. ಅಂದರೆ ನಿಮ್ಮ ಮೂರು ಪಟ್ಟಿಗಳ ತೊಂದರೆಯೇ, ಸಾವಿರಾರು ಪಟ್ಟಿಗಳ ಪ್ರಮಾಣದಲ್ಲಿ. ಈಗ ಇಡೀ ವ್ಯವಸ್ಥೆಯನ್ನು ನೋಡಿಕೊಳ್ಳುವುದು 2014ರಲ್ಲಿ ಸ್ಥಾಪನೆಯಾದ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಗ್ಲೈಫ್ ಎಂಬ ಪ್ರತಿಷ್ಠಾನ. ಕೋಡ್ ಕೊಡುವವರು ಅದರ ಮಾನ್ಯತೆ ಪಡೆದ ಸ್ಥಳೀಯ ಸಂಸ್ಥೆಗಳು; ನಮ್ಮಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಅಂಗಸಂಸ್ಥೆಯಾದ, ಮುಂಬೈಯ ಎಲ್‌ಇಐಎಲ್ ಆ ಕೆಲಸ ಮಾಡುತ್ತದೆ.

ಎಲ್‌ಇಐಯಲ್ಲಿ 20 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ನಾಲ್ಕು, ಅದನ್ನು ಮೊದಲು ಕೊಟ್ಟ ಸಂಸ್ಥೆಯನ್ನು ಸೂಚಿಸುತ್ತವೆ. ಎಲ್‌ಇಐಎಲ್ ಕೊಟ್ಟವು 3358ರಿಂದ ಆರಂಭವಾಗುತ್ತವೆ. ಆದರೆ ಇದನ್ನು ದೇಶದ ಗುರುತೆಂದು ಓದಬೇಡಿ. ಒಂದು ದೇಶದ ಕಂಪನಿ ಬೇರೆ ದೇಶದ ಮಾನ್ಯ ಸಂಸ್ಥೆಯಿಂದ ಎಲ್‌ಇಐ ಪಡೆದಿರಬಹುದು, ಆಮೇಲೆ ಅದರ ನಿರ್ವಹಣೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಿಯೂ ಇರಬಹುದು. ಆಗಲೂ ಕೋಡ್ ಬದಲಾಗುವುದಿಲ್ಲ. ಕೊನೆಯ ಎರಡು ಅಂಕಿಗಳು ತಪಾಸಣೆಗೆ. ಅಕ್ಷರಗಳನ್ನು A=10, B=11 ಎಂಬಂತೆ ಸಂಖ್ಯೆಗೆ ತಿರುಗಿಸಿ ಸಿಗುವ ದೊಡ್ಡ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಬೇಕು. ಮೂರು ಪಟ್ಟಿಗಳನ್ನು ಸೇರಿಸುವ ಮೊದಲು ಈ ಪುಟ್ಟ ಪರೀಕ್ಷೆಯನ್ನು ನಡೆಸಿ:

```python
def lei_ok(s):
    n = "".join(str(int(c, 36)) for c in s)
    return len(s) == 20 and int(n) % 97 == 1
```

ಗ್ಲೈಫ್‌ನ ಸ್ವಂತ ಎಲ್‌ಇಐ 506700GE1G29325QX363. ಇದನ್ನು ಕೊಟ್ಟು ನೋಡಿದರೆ ಸರಿ ಎಂಬ ಉತ್ತರ ಬರುತ್ತದೆ. ಸೊನ್ನೆಯ ಜಾಗದಲ್ಲಿ O ಅಕ್ಷರ ಹೊಡೆದದ್ದು, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದದ್ದು ಇಂಥವೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಈ ಪರೀಕ್ಷೆ ಹೇಳುವುದು ಕೋಡ್ ಸರಿಯಾಗಿ ಬರೆಯಲ್ಪಟ್ಟಿದೆ ಎಂದಷ್ಟೇ. ಅದು ನಿಮ್ಮ ಆ ಗ್ರಾಹಕನದ್ದೇ ಎಂದಲ್ಲ. ನಾನು ಇದುವರೆಗೆ ಕಂಡಿರುವ ತಪ್ಪು ಎಲ್‌ಇಐಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುವಂಥವೇ, ಏಕೆಂದರೆ ಅವು ನಿಜವಾದ ಎಲ್‌ಇಐಗಳು, ಬೇರೆ ಯಾರದ್ದೋ.

ಇದನ್ನು ಒಂದು ಉದಾಹರಣೆಯ ಮೇಲೆ ನೋಡೋಣ. ಬೆಂಗಳೂರಿನವರಿಗೆಲ್ಲ ಗೊತ್ತಿರುವ ಇನ್ಫೋಸಿಸ್ ಲಿಮಿಟೆಡ್ಅನ್ನೇ ತೆಗೆದುಕೊಳ್ಳಿ. ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಅದರ ಸಿಐಎನ್ L85110KA1981PLC013115. ಮುಂಬೈ ಷೇರುಪೇಟೆಯಲ್ಲಿ ಅದು 500209. ಇಲ್ಲಿನ ಷೇರಿನ ಐಎಸ್‌ಐಎನ್ INE009A01021, ಆ ಷೇರಿನ ಬದಲು ನ್ಯೂಯಾರ್ಕಿನಲ್ಲಿ ವಹಿವಾಟಾಗುವ ಎಡಿಆರ್ ಎಂಬ ಪತ್ರದ್ದು US4567881085. ಅಮೆರಿಕದ ಷೇರುಪೇಟೆ ನಿಯಂತ್ರಕರ ಕಡತದಲ್ಲಿ ಅದರ ಸಂಖ್ಯೆ 0001067491. ಈ ಐದು ಸಂಖ್ಯೆಗಳಲ್ಲಿ ಯಾವುದೇ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಸಾಧ್ಯವಿಲ್ಲ. ಹೆಸರಿನಿಂದ ಹುಡುಕೋಣವೆಂದರೆ, 1981ರಲ್ಲಿ ಅದು ಇನ್ಫೋಸಿಸ್ ಕನ್ಸಲ್ಟೆಂಟ್ಸ್ ಪ್ರೈವೇಟ್ ಲಿಮಿಟೆಡ್, 1992ರಿಂದ ಇನ್ಫೋಸಿಸ್ ಟೆಕ್ನಾಲಜೀಸ್, 2011ರಿಂದ ಇನ್ಫೋಸಿಸ್ ಲಿಮಿಟೆಡ್. ಹಳೆಯ ಕರಾರೊಂದರಲ್ಲಿ ‘ಟೆಕ್ನಾಲಜೀಸ್’ ಇದ್ದರೆ, ಹೊಸ ಇನ್‌ವಾಯ್ಸ್‌ನಲ್ಲಿ ಅದು ಇರುವುದಿಲ್ಲ.

ಈ ಸಂಖ್ಯೆಗಳು ಒಂದೊಂದೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತವೆ ಎಂಬುದನ್ನು ಗಮನಿಸಿ. ಐಎಸ್‌ಐಎನ್ ಕಂಪನಿಯ ಗುರುತಲ್ಲ, ಅದು ಹೊರಡಿಸಿದ ಒಂದು ಷೇರು ಅಥವಾ ಬಾಂಡಿನ ಗುರುತು. ಒಂದು ಕಂಪನಿಗೆ ಹತ್ತಾರು ಇರಬಹುದು. ಸಿಐಎನ್ ಕಂಪನಿಯದ್ದೇ ಗುರುತು ಹೌದು, ಆದರೆ ಅದರೊಳಗೆ ಅರ್ಥ ತುಂಬಿದೆ: ಮೊದಲ L ಎಂದರೆ ಷೇರುಪೇಟೆಯಲ್ಲಿ ನೋಂದಾಯಿತ, ಮುಂದಿನ ಐದು ಅಂಕಿ ಉದ್ಯಮದ ವರ್ಗ, KA ಎಂದರೆ ಕರ್ನಾಟಕ, ಬಳಿಕ ಸ್ಥಾಪನೆಯ ವರ್ಷ, ಕಂಪನಿಯ ಬಗೆ, ಕೊನೆಗೆ ನೋಂದಣಿ ಸಂಖ್ಯೆ. ಅರ್ಥ ತುಂಬಿದ ಗುರುತಿನ ಕಷ್ಟವೇ ಇದು: ಕಂಪನಿ ನೋಂದಾಯಿತ ಕಚೇರಿಯನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಿದರೆ, ಷೇರುಪೇಟೆಗೆ ಬಂದರೆ ಅಥವಾ ಅಲ್ಲಿಂದ ಹೊರಬಂದರೆ ಸಿಐಎನ್ ಬದಲಾಗುತ್ತದೆ. ಇನ್ಫೋಸಿಸ್ ಹುಟ್ಟಿದ್ದು ಪುಣೆಯಲ್ಲಿ, ಆದರೂ ಅದರ ಸಿಐಎನ್‌ನಲ್ಲಿ KA ಕಾಣುತ್ತಿದೆಯಲ್ಲ. ಅದೇ ಕಂಪನಿಯ ಎಲ್‌ಇಐ 335800TYLGG93MM7PR89. ಇದರಲ್ಲಿ ಊರಿಲ್ಲ, ಉದ್ಯಮವಿಲ್ಲ, ವರ್ಷವಿಲ್ಲ. ಅರ್ಥವಿಲ್ಲದ್ದರಿಂದಲೇ ಅದು ಹೆಸರು ಬದಲಾದರೂ, ವಿಳಾಸ ಬದಲಾದರೂ ಹಾಗೆಯೇ ಉಳಿಯುತ್ತದೆ.

ಆದರೆ ಕೋಡ್‌ಗೆ ಅರ್ಥವಿಲ್ಲವೆಂದ ಮೇಲೆ ಅದನ್ನು ನಿಮ್ಮ ಪಟ್ಟಿಯ ಸಾಲಿಗೆ ಅಂಟಿಸುವುದು ಯಾವ ಆಧಾರದ ಮೇಲೆ? ನಿಮ್ಮ ಮ್ಯಾನೇಜರ್ ಹೇಳುವ ‘ತಾನಾಗಿಯೇ’ ಎಂಬ ಮಾತು ಮುರಿಯುವುದು ಇಲ್ಲಿಯೇ. ಮೂರೂ ಪಟ್ಟಿಗಳಲ್ಲಿ ಎಲ್‌ಇಐ ಸರಿಯಾಗಿ ತುಂಬಿದ್ದರೆ ತಾಳೆ ಹಾಕುವುದು ಐದು ನಿಮಿಷದ ಕೆಲಸ, ಶ್ರಮವಿರುವುದು ತುಂಬುವುದರಲ್ಲಿ. ಹೆಚ್ಚಿನವರು ಗ್ಲೈಫ್‌ನ ಹುಡುಕು ಪುಟ ತೆರೆದು, ಹೆಸರು ಹೊಡೆದು, ಮೊದಲು ಬಂದದ್ದನ್ನು ನಕಲು ಮಾಡುತ್ತಾರೆ. ಹಾಗೆ ಮಾಡಿದಾಗ ಹೆಸರಿನ ತಾಳೆಯ ತಪ್ಪುಗಳೆಲ್ಲ ಎಲ್‌ಇಐಯ ವೇಷ ತೊಟ್ಟು ಮರಳಿ ಬರುತ್ತವೆ, ಮತ್ತು ಈ ಬಾರಿ 20 ಅಕ್ಷರಗಳ ಗಾಂಭೀರ್ಯ ಇರುವುದರಿಂದ ಯಾರೂ ಅವುಗಳನ್ನು ಸಂಶಯಿಸುವುದಿಲ್ಲ.

ಸರಿಯಾದ ಕೊಂಡಿ ಹೆಸರಲ್ಲ, ನೋಂದಣಿ ಸಂಖ್ಯೆ. ಬಹುಪಾಲು ಎಲ್‌ಇಐ ದಾಖಲೆಗಳಲ್ಲಿ ಆ ಕಂಪನಿ ತನ್ನ ದೇಶದ ಯಾವ ನೋಂದಣಿ ಕಚೇರಿಯಲ್ಲಿದೆ ಎಂಬುದಕ್ಕೆ RAಯಿಂದ ಆರಂಭವಾಗುವ ಒಂದು ಸಂಕೇತವೂ, ಆ ಕಚೇರಿಯಲ್ಲಿ ಅದರ ಸಂಖ್ಯೆಯೂ ಇರುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಂಪನೀಸ್ ಹೌಸ್‌ಗೆ RA000585, ಅಮೆರಿಕದ ಡೆಲವೇರ್‌ಗೆ RA000602. ಸಂಕೇತ ಮತ್ತು ಸಂಖ್ಯೆ ಎರಡನ್ನೂ ಜೋಡಿಯಾಗಿ ಹಿಡಿದರೆ ಸಿಗುವುದು ಒಂದೇ ಕಂಪನಿ. ಗ್ಲೈಫ್‌ನ ಮಾಹಿತಿಯನ್ನು ಪಡೆಯಲು ಶುಲ್ಕವಿಲ್ಲ. ಬ್ರೌಸರ್‌ನಲ್ಲಿ ಹೀಗೆ ಹೊಡೆದರೂ ನೋಂದಣಿ ಸಂಖ್ಯೆಯಿಂದ ಹುಡುಕಬಹುದು:

```
https://api.gleif.org/api/v1/lei-records?filter[entity.registeredAs]=00445790
```

ಇದು ಟೆಸ್ಕೊ ಪಿಎಲ್‌ಸಿಯ ಕಂಪನೀಸ್ ಹೌಸ್ ಸಂಖ್ಯೆ. ಸಂಖ್ಯೆಯ ಮುಂದಿರುವ ಎರಡು ಸೊನ್ನೆಗಳನ್ನು ನೋಡಿ. ನಿಮ್ಮ ಇಂಗ್ಲೆಂಡಿನ ಪಟ್ಟಿ ಎಂದಾದರೂ ಎಕ್ಸೆಲ್ ಮೂಲಕ ಹಾದು ಬಂದಿದ್ದರೆ ಆ ಸೊನ್ನೆಗಳು ಉದುರಿಹೋಗಿರುವ ಸಾಧ್ಯತೆ ಹೆಚ್ಚು, ಆಗ ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಅಲ್ಲಿನ ಸಂಖ್ಯೆ ಎಂಟು ಅಕ್ಷರದ್ದು. ಕಡಿಮೆಯಿದ್ದರೆ ಮುಂದೆ ಸೊನ್ನೆ ತುಂಬಿ. ಇದೇ ಸಂಖ್ಯೆ ಬೇರೊಂದು ದೇಶದ ಕಂಪನಿಗೂ ಇರಬಹುದಾದ್ದರಿಂದ, ಬಂದ ಫಲಿತಾಂಶದಲ್ಲಿ ನೋಂದಣಿ ಕಚೇರಿಯ ಸಂಕೇತವನ್ನು ನೋಡದೆ ಒಪ್ಪಬೇಡಿ.

ಜರ್ಮನಿಯ ಪಟ್ಟಿ ಇದಕ್ಕಿಂತ ತೊಡಕಿನದು. ಅಲ್ಲಿ ಕಂಪನಿಗಳ ನೋಂದಣಿ ನಡೆಯುವುದು ಸ್ಥಳೀಯ ನ್ಯಾಯಾಲಯಗಳಲ್ಲಿ, ಮತ್ತು ಸಂಖ್ಯೆ ವಿಶಿಷ್ಟವಾಗಿರುವುದು ಆ ನ್ಯಾಯಾಲಯದ ಮಟ್ಟಿಗೆ ಮಾತ್ರ. ಮ್ಯೂನಿಕ್‌ನ HRB 1234 ಮತ್ತು ಹ್ಯಾಂಬರ್ಗಿನ HRB 1234 ಎರಡು ಬೇರೆ ಕಂಪನಿಗಳು. ಅದೇ ನ್ಯಾಯಾಲಯದಲ್ಲಿಯೂ HRA 1234 ಮತ್ತು HRB 1234 ಬೇರೆ ಬೇರೆ: ಮೊದಲನೆಯದು ಪಾಲುದಾರಿಕೆಗಳ ಪುಸ್ತಕ, ಎರಡನೆಯದು ಜಿಎಂಬಿಎಚ್‌ನಂಥ ಬಂಡವಾಳ ಕಂಪನಿಗಳ ಪುಸ್ತಕ. ಯಂತ್ರೋದ್ಯಮದಲ್ಲಿ ನಿಮಗೆ ಧಾರಾಳವಾಗಿ ಸಿಗುವ GmbH & Co. KG ಎಂಬ ಬಗೆಯಲ್ಲಂತೂ, ಸರಕು ಕೊಳ್ಳುವ ಪಾಲುದಾರಿಕೆ ಒಂದು, ಅದನ್ನು ನಡೆಸುವ ಜಿಎಂಬಿಎಚ್ ಇನ್ನೊಂದು; ಎರಡರ ಹೆಸರೂ ಅಕ್ಕತಂಗಿಯರಂತೆ. ಅದರ ಮೇಲೆ Müller ಎಂಬುದನ್ನು ಒಬ್ಬರು Mueller ಎಂದೂ ಮತ್ತೊಬ್ಬರು Muller ಎಂದೂ ಬರೆದಿರುತ್ತಾರೆ. ಅದೃಷ್ಟವಶಾತ್, ಜರ್ಮನಿಯ ಕಂಪನಿಗಳು ತಮ್ಮ ವ್ಯಾವಹಾರಿಕ ಪತ್ರಗಳಲ್ಲಿ ನೋಂದಣಿ ನ್ಯಾಯಾಲಯವನ್ನೂ ಸಂಖ್ಯೆಯನ್ನೂ ಮುದ್ರಿಸಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿಯೂ ಪತ್ರ ಮತ್ತು ಆರ್ಡರ್ ಫಾರಂಗಳ ಮೇಲೆ ನೋಂದಣಿ ಸಂಖ್ಯೆ ಇರಬೇಕು. ಅಂದರೆ ನಿಮಗೆ ಬೇಕಾದ ಮಾಹಿತಿ ನಿಮ್ಮ ಕಡತದಲ್ಲಿರುವ ಖರೀದಿ ಆದೇಶದ ಅಡಿಬರಹದಲ್ಲಿಯೇ ಸಣ್ಣಕ್ಷರಗಳಲ್ಲಿ ಇರುತ್ತದೆ.

ನನ್ನ ಕಣ್ಣೆದುರಿಗೆ ನಡೆದ ಒಂದು ಪ್ರಸಂಗ ಹೇಳುತ್ತೇನೆ, ಹೆಸರು ಬೇಡ. ನಾನು ಸಲಹೆ ನೀಡುತ್ತಿದ್ದ ರಫ್ತುದಾರರೊಬ್ಬರಿಗೆ ಇಂಗ್ಲೆಂಡಿನ ಒಂದು ಸಮೂಹದಲ್ಲಿ ಎರಡು ಕಂಪನಿಗಳ ಪರಿಚಯವಿತ್ತು: ಸರಕು ಕೊಳ್ಳುವ ಕಂಪನಿ ಒಂದು, ಬರೀ ಷೇರು ಇಟ್ಟುಕೊಂಡಿರುವ ಹೋಲ್ಡಿಂಗ್ ಕಂಪನಿ ಇನ್ನೊಂದು. ಸಮೂಹದ ಮರುಹೊಂದಾಣಿಕೆಯಲ್ಲಿ ಈ ಎರಡೂ ಒಂದೇ ದಿನ ಪರಸ್ಪರ ಹೆಸರು ಬದಲಾಯಿಸಿಕೊಂಡವು. ಇದು ಅಲ್ಲಿ ಕಾನೂನಿಗೆ ಅನುಗುಣವಾದದ್ದೇ, ಅಪರೂಪವೂ ಅಲ್ಲ. ಆದರೆ ಕೆಲವು ತಿಂಗಳ ಬಳಿಕ ನಮ್ಮವರು ಎಲ್‌ಇಐ ತುಂಬಲು ಕುಳಿತಾಗ, ತಮ್ಮ ಪಟ್ಟಿಯಲ್ಲಿದ್ದ ಹಳೆಯ ಹೆಸರನ್ನು ಹುಡುಕಿದರು. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಿತು, ಊರೂ ಅದೇ, ವಿಳಾಸವೂ ಅದೇ. ಸಾಲದ ಮಿತಿ, ಬಾಕಿ, ವಿಮೆ ಎಲ್ಲವೂ ಹೋಲ್ಡಿಂಗ್ ಕಂಪನಿಯ ಎಲ್‌ಇಐಗೆ ಅಂಟಿಕೊಂಡವು. ಸಿಕ್ಕಿಬಿದ್ದದ್ದು ಹೇಗೆಂದರೆ, ಗ್ರಾಹಕರ ಆರ್ಡರಿನ ಅಡಿಯಲ್ಲಿದ್ದ ನೋಂದಣಿ ಸಂಖ್ಯೆಗೂ ಎಲ್‌ಇಐ ದಾಖಲೆಯಲ್ಲಿದ್ದ ನೋಂದಣಿ ಸಂಖ್ಯೆಗೂ ತಾಳೆಯಾಗಲಿಲ್ಲ. ಹೆಸರು ನೂರಕ್ಕೆ ನೂರು ಹೊಂದಿ ಸಂಖ್ಯೆ ಹೊಂದದಿದ್ದರೆ ಸಂಖ್ಯೆಯನ್ನೇ ನಂಬಿ. ಆ ದಿನದಿಂದ ನಾನು ಹೆಸರಿನ ಹೋಲಿಕೆಯನ್ನು ಪುರಾವೆಯಾಗಿ ಪರಿಗಣಿಸುವುದನ್ನು ಬಿಟ್ಟಿದ್ದೇನೆ. ಅದು ಎಲ್ಲಿ ಹುಡುಕಬೇಕೆಂಬ ಸುಳಿವು ಮಾತ್ರ.

ಇನ್ನು, ಎಲ್ಲರ ಬಳಿಯೂ ಎಲ್‌ಇಐ ಇರುತ್ತದೆಯೇ ಎಂದರೆ, ಖಂಡಿತ ಇಲ್ಲ. ಜಗತ್ತಿನಾದ್ಯಂತ ಇದುವರೆಗೆ ಕೊಟ್ಟಿರುವ ಎಲ್‌ಇಐಗಳು 20 ಲಕ್ಷಕ್ಕಿಂತ ಹೆಚ್ಚು, ದೊಡ್ಡ ಸಂಖ್ಯೆಯೇ. ಆದರೆ ಬ್ರಿಟನ್ನಿನ ಕಂಪನೀಸ್ ಹೌಸ್ ಒಂದರಲ್ಲಿಯೇ 50 ಲಕ್ಷಕ್ಕೂ ಹೆಚ್ಚು ಕಂಪನಿಗಳಿವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಎಲ್‌ಇಐ ಪಡೆದವರಲ್ಲಿ ಹೆಚ್ಚಿನವರು ಯಾವುದೋ ನಿಯಂತ್ರಕರು ಕೇಳಿದ್ದರಿಂದ ಪಡೆದವರು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2021ರ ಏಪ್ರಿಲ್ 1ರಿಂದ ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ 50 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಪಾವತಿ ಮಾಡುವ ಸಂಸ್ಥೆಗಳಿಗೆ, 2022ರ ಅಕ್ಟೋಬರ್ 1ರಿಂದ ಅಷ್ಟೇ ಮೊತ್ತದ ವಿದೇಶಿ ವಹಿವಾಟುಗಳಿಗೆ ಅದನ್ನು ಕಡ್ಡಾಯ ಮಾಡಿತು. ಬ್ಯಾಂಕ್ ಸಾಲಗಾರರಿಗೆ ಇದ್ದ ಮಿತಿಯನ್ನು ಹಂತಹಂತವಾಗಿ ಇಳಿಸಿ, 5 ಕೋಟಿ ರೂಪಾಯಿಯವರೆಗೆ ತಂದಿತು; ಅದರ ಕೊನೆಯ ಗಡುವು 2025ರ ಏಪ್ರಿಲ್ 30 ಆಗಿತ್ತು. ಹಾಗಾಗಿ ನಿಮ್ಮ ದೊಡ್ಡ ಗ್ರಾಹಕರಿಗೂ ಬ್ಯಾಂಕ್ ಸಾಲವಿರುವ ಮಧ್ಯಮ ಗಾತ್ರದ ಪೂರೈಕೆದಾರರಿಗೂ ಇದು ಸಿಗುತ್ತದೆ. ಪೀಣ್ಯದ ಎರಡನೆಯ ಹಂತದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ನಿಮಗೆ ಬುಷ್ ತಿರುಗಿಸಿಕೊಡುವವರಿಗೆ ಸಿಗುವುದಿಲ್ಲ. ಅವರಿಂದ ಎಲ್‌ಇಐ ಕೇಳಿ ಪೀಡಿಸುವುದರಲ್ಲಿ ಅರ್ಥವಿಲ್ಲ, ಅದನ್ನು ಪಡೆಯುವುದಕ್ಕೂ ವರ್ಷವರ್ಷ ನವೀಕರಿಸುವುದಕ್ಕೂ ಶುಲ್ಕವಿದೆ.

ಆ ನವೀಕರಣದ ಮಾತೇ ನಿಮ್ಮ LAPSED ಪ್ರಶ್ನೆಗೆ ಉತ್ತರ. ಎಲ್‌ಇಐ ದಾಖಲೆಯಲ್ಲಿ ಎರಡು ಬೇರೆ ಸ್ಥಿತಿಗಳಿರುತ್ತವೆ, ಜನ ಅವೆರಡನ್ನೂ ಒಂದೆಂದು ಓದುತ್ತಾರೆ. ಒಂದು ಕಂಪನಿಯ ಸ್ಥಿತಿ: ACTIVE ಅಥವಾ INACTIVE. ಇನ್ನೊಂದು ನೋಂದಣಿಯ ಸ್ಥಿತಿ: ISSUED, LAPSED, RETIRED, DUPLICATE ಇತ್ಯಾದಿ. ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ನೋಂದಣಿಯ ಸ್ಥಿತಿ LAPSED ಆಗುತ್ತದೆ. ಕಂಪನಿ ಸುಖವಾಗಿ ವ್ಯಾಪಾರ ನಡೆಸುತ್ತಲೇ ಇರಬಹುದು. ಕೋಡ್ ಬೇರೆಯವರಿಗೆ ಹೋಗುವುದಿಲ್ಲ, ಗುರುತು ಹಿಡಿಯುವ ಕೆಲಸಕ್ಕೆ ಅದು ಹಾಗೆಯೇ ಉಪಯುಕ್ತ. ಬದಲಾಗುವುದು ಇಷ್ಟು: ಆ ದಿನಾಂಕದ ನಂತರ ಹೆಸರು, ವಿಳಾಸ, ಮಾತೃಸಂಸ್ಥೆಯ ವಿವರಗಳನ್ನು ಮರುಪರಿಶೀಲಿಸಿರುವುದಿಲ್ಲ. ಆದ್ದರಿಂದ LAPSED ಬಂದ ಸಾಲನ್ನು ಇಟ್ಟುಕೊಳ್ಳಿ, ಅದರ ವಿಳಾಸವನ್ನು ಮಾತ್ರ ನಂಬಬೇಡಿ. ಬ್ಯಾಂಕಿನ ಮೂಲಕ ದೊಡ್ಡ ಪಾವತಿ ಮಾಡುವಾಗ ಚಾಲ್ತಿಯಲ್ಲಿರುವ ಎಲ್‌ಇಐ ಬೇಕೆನ್ನುವುದು ಬೇರೆ ವಿಷಯ. ಅದು ಪಾವತಿಯ ನಿಯಮ, ತಾಳೆಯ ನಿಯಮವಲ್ಲ.

DUPLICATE ಎಂದು ಬಂದರೆ, ಒಂದೇ ಕಂಪನಿ ತಪ್ಪಿ ಎರಡು ಎಲ್‌ಇಐ ಪಡೆದಿತ್ತು, ಅದರಲ್ಲಿ ಇದನ್ನು ಕೈಬಿಡಲಾಗಿದೆ ಎಂದರ್ಥ, ಉಳಿದದ್ದನ್ನು ಹಿಡಿಯಿರಿ. RETIRED ಎಂಬುದಕ್ಕೆ ಸ್ವಲ್ಪ ಹೆಚ್ಚು ಯೋಚನೆ ಬೇಕು, ಏಕೆಂದರೆ ಅಲ್ಲಿ ಕಂಪನಿ ಮುಚ್ಚಿರಬಹುದು, ಇಲ್ಲವೇ ಇನ್ನೊಂದರಲ್ಲಿ ವಿಲೀನವಾಗಿರಬಹುದು. ವಿಲೀನವಾಗಿದ್ದರೆ ಉತ್ತರಾಧಿಕಾರಿ ಸಂಸ್ಥೆ ಯಾವುದೆಂದು ದಾಖಲೆಯೇ ತೋರಿಸುತ್ತದೆ. ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸಿ. 2019ರ ಬ್ಯಾಂಕ್ ಗ್ಯಾರಂಟಿಯನ್ನು ಕೊಟ್ಟದ್ದು ಸಿಂಡಿಕೇಟ್ ಬ್ಯಾಂಕ್. ಇಂದು ಅದರ ಹೊಣೆ ಹೊತ್ತಿರುವುದು ಕೆನರಾ ಬ್ಯಾಂಕ್. ಎರಡೂ ಸತ್ಯ. ಹಳೆಯ ಸಾಲಿನಲ್ಲಿದ್ದ ಕೋಡನ್ನು ಅಳಿಸಿ ಹೊಸದನ್ನು ಬರೆದರೆ ಮೊದಲ ಸತ್ಯ ಕಳೆದುಹೋಗುತ್ತದೆ. ಅಳಿಸದೆ ಬಿಟ್ಟರೆ ಎರಡನೆಯದು ಕಾಣುವುದಿಲ್ಲ. ಹಾಗಾಗಿ ಎಲ್‌ಇಐಯನ್ನು ನಿಮ್ಮ ಗ್ರಾಹಕರ ಮುಖ್ಯ ಕೋಷ್ಟಕದ ಕೀಲಿಯಾಗಿ ಬಳಸಬೇಡಿ. ನಿಮ್ಮದೇ ಒಂದು ಒಳಸಂಖ್ಯೆ ಇರಲಿ. ಪಕ್ಕದ ಕೋಷ್ಟಕದಲ್ಲಿ ಆ ಒಳಸಂಖ್ಯೆಗೆ ಯಾವ ಎಲ್‌ಇಐ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಆಧಾರದ ಮೇಲೆ ಎಂದು ಬರೆದಿಡಿ. ಎಲ್‌ಇಐ ಇಲ್ಲದವರಿಗೆ ಅದೇ ಕೋಷ್ಟಕದಲ್ಲಿ ನೋಂದಣಿ ಕಚೇರಿ ಮತ್ತು ಸಂಖ್ಯೆಯ ಜೋಡಿ ಇರುತ್ತದೆ. ನಾಳೆ ಅವರು ಎಲ್‌ಇಐ ಪಡೆದರೆ ಆ ಜೋಡಿಯೇ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ.

ಗ್ರಾಹಕರನ್ನೇ ಕೇಳಿ ಎಲ್‌ಇಐ ಪಡೆಯುವ ದಾರಿಯೂ ಇದೆ, ಮತ್ತು ಅದು ಸುಲಭವೆಂದು ತೋರುತ್ತದೆ. ಅದರ ಅಪಾಯ ಒಂದೇ, ಆದರೆ ದೊಡ್ಡದು: ನಿಮ್ಮ ಪತ್ರಕ್ಕೆ ಉತ್ತರಿಸುವವರು ಮಾತೃಸಂಸ್ಥೆಯ ಎಲ್‌ಇಐಯನ್ನು ಕಳುಹಿಸಿಬಿಡುತ್ತಾರೆ. ಅವರ ಖಜಾನೆ ವಿಭಾಗದಲ್ಲಿ ಕೈಗೆ ಸಿಗುವುದು ಅದೇ. ಒಂದೇ ಎಲ್‌ಇಐ ನಿಮ್ಮ ಪಟ್ಟಿಯಲ್ಲಿ ಎರಡು ಬೇರೆ ನೋಂದಣಿ ಸಂಖ್ಯೆಗಳ ಪಕ್ಕದಲ್ಲಿ ಬಂದಿದೆಯೇ ಎಂದು ಹುಡುಕಿದರೆ ಈ ತಪ್ಪುಗಳಲ್ಲಿ ಬಹುಪಾಲು ಹೊರಬೀಳುತ್ತವೆ. ಇಂಗ್ಲೆಂಡಿನ ಪಟ್ಟಿಯಲ್ಲಿ BR ಅಥವಾ FCಯಿಂದ ಆರಂಭವಾಗುವ ಸಂಖ್ಯೆ ಕಂಡರೆ ಮಾತ್ರ ಅದನ್ನು ತಪ್ಪೆಂದು ಅವಸರಪಡಬೇಡಿ. ಅವು ಹೊರದೇಶದ ಕಂಪನಿಗಳು ಬ್ರಿಟನ್ನಿನಲ್ಲಿ ತೆರೆದಿರುವ ಶಾಖೆಗಳ ನೋಂದಣಿಗೆ ಸಂಬಂಧಿಸಿದವು, ಪ್ರತ್ಯೇಕ ಕಂಪನಿಗಳಲ್ಲ. ಶಾಖೆಗೆ ಪ್ರತ್ಯೇಕ ಎಲ್‌ಇಐ ಇಲ್ಲದಿದ್ದಲ್ಲಿ ಮುಖ್ಯ ಕಂಪನಿಯ ಎಲ್‌ಇಐ ಬರುವುದೇ ಸರಿ.

ಸಮೂಹದ ಮಟ್ಟದಲ್ಲಿ ಒಟ್ಟು ಬಾಕಿ ನೋಡಬೇಕೆಂಬ ಆಸೆ ನಿಮ್ಮ ಮ್ಯಾನೇಜರಿಗೆ ಇದ್ದೇ ಇರುತ್ತದೆ. ಅದಕ್ಕೂ ಎಲ್‌ಇಐ ದಾಖಲೆ ನೆರವಾಗುತ್ತದೆ: 2017ರಿಂದ ನೇರ ಮಾತೃಸಂಸ್ಥೆ ಮತ್ತು ಅಂತಿಮ ಮಾತೃಸಂಸ್ಥೆಯ ವಿವರವನ್ನೂ ಸಂಗ್ರಹಿಸಲಾಗುತ್ತಿದೆ. ಆದರೆ ಇಲ್ಲಿ ‘ಮಾತೃಸಂಸ್ಥೆ’ ಎಂದರೆ ತನ್ನ ಲೆಕ್ಕಪತ್ರದಲ್ಲಿ ಇದನ್ನು ಕ್ರೋಡೀಕರಿಸಿಕೊಳ್ಳುವ ಕಂಪನಿ ಎಂದು ಅರ್ಥ, ಮಾಲೀಕನೆಂದಲ್ಲ. ಒಂದು ಕುಟುಂಬದ ಮೂವರು ಅಣ್ಣತಮ್ಮಂದಿರು ನಡೆಸುವ ನಾಲ್ಕು ಕಂಪನಿಗಳಿದ್ದರೆ ಆ ದಾಖಲೆಗಳಲ್ಲಿ ಮಾತೃಸಂಸ್ಥೆಯ ಜಾಗದಲ್ಲಿ NATURAL_PERSONS ಎಂಬ ಕಾರಣ ಮಾತ್ರ ಕಾಣುತ್ತದೆ. ನಾಲ್ಕೂ ಒಂದೇ ಕುಟುಂಬದ್ದು ಎಂಬುದು ಅಲ್ಲಿ ತಿಳಿಯದು. ಮಾಹಿತಿ ಬಹಿರಂಗಪಡಿಸಲು ಅಡ್ಡಿಯಿದೆ ಎಂದು ತಿಳಿಸಿದವರಿಗೆ NON_PUBLIC ಎಂದು ಬರುತ್ತದೆ. ಖಾಲಿ ಜಾಗವನ್ನು ‘ಮಾತೃಸಂಸ್ಥೆ ಇಲ್ಲ’ ಎಂದು ಓದಿ ಸಾಲದ ಮಿತಿ ನಿರ್ಧರಿಸಿದರೆ ಅದು ದುಬಾರಿಯಾಗಬಹುದು.

ನಿಮ್ಮ 4,000 ಸಾಲುಗಳನ್ನು ನಾನು ಕೈಗೆತ್ತಿಕೊಂಡರೆ ಹೀಗೆ ಮಾಡುತ್ತೇನೆ. ಮೊದಲು ಎಲ್‌ಇಐಯನ್ನು ಮರೆತು, ಮೂರೂ ಪಟ್ಟಿಗಳಲ್ಲಿ ನೋಂದಣಿ ಕಚೇರಿ ಮತ್ತು ನೋಂದಣಿ ಸಂಖ್ಯೆ ಎಂಬ ಎರಡು ಕಾಲಂ ತುಂಬಿಸುತ್ತೇನೆ. ಬೆಂಗಳೂರಿನಲ್ಲಿ ಪ್ಯಾನ್‌ನಿಂದ ಸಾಲುಗಳನ್ನು ಒಂದುಗೂಡಿಸಿ ಸಿಐಎನ್‌ಗೆ ಹೋಗಬಹುದು. ಪ್ಯಾನ್‌ನ ನಾಲ್ಕನೆಯ ಅಕ್ಷರ C ಆಗಿದ್ದರೆ ಮಾತ್ರ ಅದು ಕಂಪನಿಯದ್ದು, P ಆಗಿದ್ದರೆ ಒಬ್ಬ ವ್ಯಕ್ತಿಯದ್ದು, ಅಂಥವನ್ನು ಪಕ್ಕಕ್ಕಿಡಿ. ಸಿಐಎನ್ ಬದಲಾಗಿರಬಹುದಾದ್ದರಿಂದ ಹುಡುಕಾಟ ವಿಫಲವಾದರೆ ಕೊನೆಯ ಆರು ಅಂಕಿಗಳನ್ನೂ ಸ್ಥಾಪನೆಯ ವರ್ಷವನ್ನೂ ನೋಡಿ. ಆದರೆ ರಾಜ್ಯ ಬದಲಾಗಿದ್ದರೆ ಆ ಆರು ಅಂಕಿಗಳೂ ಬೇರೆಯಾಗಿರಬಹುದು. ಬಳಿಕ ಸಂಖ್ಯೆಯ ಮೂಲಕ ಎಲ್‌ಇಐ ತರಿಸಿ, ಬಂದ ಹೆಸರನ್ನು ನಿಮ್ಮ ಹೆಸರಿನೊಂದಿಗೆ ಹೋಲಿಸಿ. ಗಮನಿಸಿ, ಇಲ್ಲಿ ಹೆಸರು ಬರುವುದು ಕೊನೆಯಲ್ಲಿ, ಸಾಕ್ಷಿಯ ಪಾತ್ರದಲ್ಲಿ. ಸಂಖ್ಯೆ ಮತ್ತು ಹೆಸರು ಎರಡೂ ಹೊಂದಿದವು ಮುಗಿದವು. ಸಂಖ್ಯೆ ಹೊಂದಿ ಹೆಸರು ಹೊಂದದವು ಬಹುಪಾಲು ಹೆಸರು ಬದಲಾಯಿಸಿದ ಕಂಪನಿಗಳು. ದಾಖಲೆಯಲ್ಲಿ ಹಳೆಯ ಹೆಸರಿಗೂ ಜಾಗವಿದೆ, ಅಲ್ಲಿ ನೋಡಿ. ಜಪಾನ್ ಅಥವಾ ಚೀನಾದ ಪೂರೈಕೆದಾರರಿದ್ದರೆ ಅಧಿಕೃತ ಹೆಸರು ಅವರ ಲಿಪಿಯಲ್ಲಿಯೇ ಇರುವುದರಿಂದ, ಲಿಪ್ಯಂತರದ ಹೆಸರಿನ ಜಾಗದಲ್ಲಿ ಹೋಲಿಸಬೇಕು. ಹೆಸರು ಹೊಂದಿ ಸಂಖ್ಯೆ ಹೊಂದದವನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಬಿಡಬೇಡಿ. ಒಬ್ಬರು ಕುಳಿತು ಕಡತದ ಕಾಗದ ತೆಗೆದು ನೋಡಲಿ.

ಎಲ್‌ಇಐ ದಾಖಲೆಯಲ್ಲಿ ಇನ್ನೊಂದು ಕಾಲಂ ಇದೆ, ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ: ಮಾಹಿತಿಯನ್ನು ಸರ್ಕಾರಿ ನೋಂದಣಿಯೊಂದಿಗೆ ಪೂರ್ತಿ ಹೋಲಿಸಲಾಗಿದೆಯೇ, FULLY_CORROBORATED, ಅಥವಾ ಕಂಪನಿ ತಾನೇ ಕೊಟ್ಟದ್ದೇ, ENTITY_SUPPLIED_ONLY, ಎಂದು ಅದು ಹೇಳುತ್ತದೆ. ಎರಡನೆಯದು ಕಂಡಲ್ಲಿ ಆ ದೇಶದ ನೋಂದಣಿ ಕಚೇರಿಯ ಪುಟವನ್ನು ನೀವೇ ಒಮ್ಮೆ ತೆರೆದು ನೋಡಿ.

ಜರ್ಮನಿಯ ಸಹೋದ್ಯೋಗಿಗಳಿಗೆ ಇಂದೇ ಒಂದು ಮಾತು ಬರೆದು ಕೇಳಿ: ಅವರ ಪಟ್ಟಿಯಲ್ಲಿ HRB ಸಂಖ್ಯೆಯ ಪಕ್ಕದಲ್ಲಿ ನ್ಯಾಯಾಲಯದ ಹೆಸರಿನ ಕಾಲಂ ಇದೆಯೇ ಎಂದು. ಇಲ್ಲದಿದ್ದರೆ ನಿಮ್ಮ ಕೆಲಸ ಆರಂಭವಾಗಬೇಕಾದದ್ದು ಆ ಕಾಲಂನಿಂದ.